ನಲ್ಲಿ ನಿಲ್ಲಿಸಿದರೆ ಗೋಡೆಯೊಳಗೆ ಯಾರು ಗುದ್ದುತ್ತಾರೆ?

ರಾತ್ರಿ ಹತ್ತೂವರೆ. ಮನೆಯವರೆಲ್ಲ ಮಲಗುವ ಹೊತ್ತು. ಯಾರೋ ಬಚ್ಚಲಿಗೆ ಹೋಗಿ ಕಾಲು ತೊಳೆದು ನಲ್ಲಿಯನ್ನು ಪಟ್ಟನೆ ತಿರುಗಿಸುತ್ತಾರೆ. ನೀರು ನಿಲ್ಲುತ್ತದೆ, ಮರುಕ್ಷಣವೇ ಗೋಡೆಯೊಳಗಿನಿಂದ ‘ಢಬ್’ ಎಂಬ ಸದ್ದು. ಕೆಲವು ಮನೆಗಳಲ್ಲಿ ಒಂದೇ ಗುದ್ದು, ಕೆಲವು ಕಡೆ ‘ಢಬ್, ಢಬ್, ಡಬ್’ ಎಂದು ಕ್ಷೀಣಿಸುತ್ತ ಹೋಗುವ ಸರಣಿ. ಮಹಡಿಯ ಮೇಲೆ ಮಲಗಿದ ಮಗು ಬೆಚ್ಚಿ ಏಳುತ್ತದೆ. ಬೆಳಿಗ್ಗೆ ಪ್ಲಂಬರನ್ನು ಕರೆಸಿದರೆ ಆತ ಪೈಪಿಗೆ ಕಿವಿಗೊಟ್ಟು, ‘ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಸಾರ್’ ಎನ್ನುತ್ತಾನೆ.

ನಿಜ ಹೇಳಬೇಕೆಂದರೆ ವಿಷಯ ಹೆಚ್ಚುಕಡಿಮೆ ತದ್ವಿರುದ್ಧ. ಈ ಸದ್ದಿಗೆ ಗಾಳಿ ಕಾರಣವಲ್ಲ. ಸರಿಯಾದ ಜಾಗದಲ್ಲಿ ಒಂದಿಷ್ಟು ಗಾಳಿ ಇದ್ದಿದ್ದರೆ ಸದ್ದೇ ಬರುತ್ತಿರಲಿಲ್ಲ. ಎಂಜಿನಿಯರುಗಳು ಇದಕ್ಕೆ ಇಟ್ಟ ಹೆಸರು ‘ವಾಟರ್ ಹ್ಯಾಮರ್’, ಅಂದರೆ ನೀರಿನ ಸುತ್ತಿಗೆ.

ನೀರು ಸುತ್ತಿಗೆಯಾಗುವುದು ಹೇಗೆ? ತುಂಬಿದ ಸಿಟಿ ಬಸ್ಸನ್ನು ನೆನಪಿಸಿಕೊಳ್ಳಿ. ಚಾಲಕ ಗಕ್ಕನೆ ಬ್ರೇಕ್ ಹಾಕಿದಾಗ ಎಲ್ಲರಿಗಿಂತ ಮುಂದೆ ನಿಂತವನು ಕಂಬಿಗೆ ಒತ್ತಿಕೊಂಡು ನಿಲ್ಲುತ್ತಾನೆ. ಅವನ ಬೆನ್ನಿಗೆ ಎರಡನೆಯವನು, ಎರಡನೆಯವನ ಬೆನ್ನಿಗೆ ಮೂರನೆಯವನು, ಹೀಗೆ ಒತ್ತಾಟ ಹಿಂದಿನ ಬಾಗಿಲ ತನಕ ಸಾಗುತ್ತದೆ. ಪೈಪಿನಲ್ಲೂ ನಡೆಯುವುದು ಇದೇ. ನಲ್ಲಿ ಮುಚ್ಚಿದಾಗ ಅದರ ಬಾಯಿಯ ಬಳಿಯ ನೀರು ಮೊದಲು ನಿಲ್ಲುತ್ತದೆ. ಹಿಂದಿನ ನೀರಿಗೆ ಆ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಅದು ಬಂದು ಒತ್ತುತ್ತದೆ, ನಿಲ್ಲುತ್ತದೆ. ಈ ಒತ್ತಡದ ಅಲೆ ನಲ್ಲಿಯಿಂದ ಟ್ಯಾಂಕಿನತ್ತ ಹಿಮ್ಮುಖವಾಗಿ ಓಡುತ್ತದೆ. ಕಬ್ಬಿಣದ (ಜಿ.ಐ.) ಪೈಪಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,400 ಮೀಟರ್, ನೀರಿನಲ್ಲಿ ಶಬ್ದ ಚಲಿಸುವ ವೇಗಕ್ಕಿಂತ ತುಸುವೇ ಕಡಿಮೆ. ಪ್ಲಾಸ್ಟಿಕ್ ಪೈಪಿನ ಗೋಡೆ ಒತ್ತಡಕ್ಕೆ ಸ್ವಲ್ಪ ಹಿಗ್ಗಿಕೊಡುವುದರಿಂದ ಅಲ್ಲಿ ಅಲೆಯ ವೇಗ 500 ಮೀಟರಿನ ಆಸುಪಾಸಿಗೆ ಇಳಿಯುತ್ತದೆ.

ಈ ಲೆಕ್ಕವನ್ನು ಪ್ರಯೋಗದಿಂದ ಗಟ್ಟಿ ಮಾಡಿದವರಲ್ಲಿ ಮುಖ್ಯನಾದವನು ರಷ್ಯದ ನಿಕೊಲಾಯ್ ಜುಕೋವ್‌ಸ್ಕಿ. ವಿಮಾನ ವಿಜ್ಞಾನದಲ್ಲೂ ದೊಡ್ಡ ಹೆಸರು ಅವನದು. ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ 1897-98ರಲ್ಲಿ ಅವನು ನಡೆಸಿದ ಪ್ರಯೋಗಗಳಿಂದ ಹೊರಬಿದ್ದ ಸೂತ್ರ ಎಷ್ಟು ಸರಳವೆಂದರೆ, ಹೈಸ್ಕೂಲಿನ ವಿದ್ಯಾರ್ಥಿಯೂ ಗುಣಾಕಾರ ಮಾಡಿ ಉತ್ತರ ಪಡೆಯಬಹುದು. ನೀರಿನ ಸಾಂದ್ರತೆ, ಅಲೆಯ ವೇಗ, ನಿಂತುಹೋದ ನೀರಿನ ವೇಗ, ಈ ಮೂರನ್ನು ಗುಣಿಸಿದರೆ ಏರಿದ ಒತ್ತಡ ಸಿಗುತ್ತದೆ.

ಎರಡಂತಸ್ತಿನ ಒಂದು ಮನೆ ಎಂದಿಟ್ಟುಕೊಳ್ಳಿ. ತಾರಸಿಯ ಟ್ಯಾಂಕಿನಿಂದ ಕೆಳಗಿನ ಬಚ್ಚಲಿನವರೆಗೆ 20 ಮೀಟರ್ ಉದ್ದದ ಅರ್ಧ ಇಂಚಿನ ಜಿ.ಐ. ಪೈಪು. ನಲ್ಲಿಯಿಂದ ಟ್ಯಾಂಕಿನ ನೀರಿನ ಮಟ್ಟ ಏಳು ಮೀಟರ್ ಎತ್ತರದಲ್ಲಿದೆ. ಅಂದರೆ ನಲ್ಲಿಯ ಮೇಲೆ ಸದಾ ಇರುವ ಒತ್ತಡ ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋಗ್ರಾಮಿಗೂ ತುಸು ಕಡಿಮೆ. ನಲ್ಲಿಯನ್ನು ಪೂರ್ತಿ ತೆರೆದರೆ 12 ಲೀಟರಿನ ಬಕೆಟ್ಟು ಒಂದು ನಿಮಿಷದಲ್ಲಿ ತುಂಬುತ್ತದೆ. ಪೈಪಿನ ಒಳವ್ಯಾಸ 15 ಮಿಲಿಮೀಟರ್ ಎಂದು ಹಿಡಿದು ಲೆಕ್ಕ ಹಾಕಿದರೆ ಒಳಗೆ ನೀರು ಓಡುತ್ತಿರುವುದು ಸೆಕೆಂಡಿಗೆ 1.1 ಮೀಟರ್ ವೇಗದಲ್ಲಿ. ನಿಧಾನವಾಗಿ ನಡೆಯುವ ಮನುಷ್ಯನ ವೇಗ ಅಷ್ಟೆ, ಹೆದರುವಂಥದ್ದೇನೂ ಕಾಣುವುದಿಲ್ಲ. ಈಗ ಗುಣಿಸಿ: 1,000 × 1,400 × 1.1. ಉತ್ತರ ಸುಮಾರು 15 ಲಕ್ಷ ಪಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ 15 ಕಿಲೋಗ್ರಾಮಿಗೂ ಮಿಕ್ಕಿ! ಏಳು ಮೀಟರ್ ಎತ್ತರದ ಟ್ಯಾಂಕಿನ ಬದಲು 150 ಮೀಟರ್ ಎತ್ತರದಲ್ಲಿ ಟ್ಯಾಂಕು ಕೂರಿಸಿದರೆ ಎಷ್ಟೋ ಅಷ್ಟು. ಪೈಪು ತಿರುಗುವ ಎಲ್ಬೋದ ಮೇಲೆ ಈ ಒತ್ತಡ ಬಿದ್ದಾಗ 25 ಕಿಲೋಗ್ರಾಮಿನ ಅಕ್ಕಿ ಚೀಲ ಹಠಾತ್ತಾಗಿ ಹೇರಿದಂತಾಗುತ್ತದೆ. ಬಿಗಿಯಿಲ್ಲದ ಪೈಪು ಜಿಗಿದು ಗೋಡೆಗೆ ಬಡಿಯುತ್ತದೆ. ನಮಗೆ ಕೇಳುವ ‘ಢಬ್’ ಬಹುಪಾಲು ಇದೇ.

ಹಾಗಿದ್ದರೆ ಪೈಪು ಒಡೆಯುವುದಿಲ್ಲವೇಕೆ? ಒತ್ತಡದ ಆಯಸ್ಸು ಬಹಳ ಚಿಕ್ಕದು. ಅಲೆ ಟ್ಯಾಂಕಿನವರೆಗೆ 20 ಮೀಟರ್ ಓಡಿ, ಅಲ್ಲಿನ ತೆರೆದ ನೀರಿನಲ್ಲಿ ಒತ್ತಡ ಕಳೆದುಕೊಂಡು, ಮರಳಿ ನಲ್ಲಿಗೆ ಬರಲು ಹಿಡಿಯುವುದು ಸೆಕೆಂಡಿನ ನೂರರಲ್ಲಿ ಮೂರು ಭಾಗ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹಿಂದಕ್ಕೆ ಚಿಮ್ಮಿದ ನೀರು ನಲ್ಲಿಯ ಬಳಿ ಒತ್ತಡವನ್ನು ಪಾತಾಳಕ್ಕೆ ಇಳಿಸುತ್ತದೆ. ಟ್ಯಾಂಕು ಹೆಚ್ಚು ಎತ್ತರದಲ್ಲಿಲ್ಲದ ನಮ್ಮ ಮನೆಗಳಲ್ಲಿ ಅಲ್ಲಿ ಕ್ಷಣಕಾಲ ನೀರೇ ಹರಿದು ಆವಿ ತುಂಬಿದ ಪೊಳ್ಳು ಉಂಟಾಗಬಹುದು. ಆ ಪೊಳ್ಳು ಮುಚ್ಚಿಕೊಂಡಾಗ ಇನ್ನೊಂದು ಗುದ್ದು. ಎರಡನೆಯ, ಮೂರನೆಯ ಸದ್ದಿನ ಗುಟ್ಟು ಇದು. ಇದೇ ದಿನವೂ ಹತ್ತಾರು ಸಲ ನಡೆದರೆ ಮೊದಲು ಸೋಲುವುದು ಪೈಪಲ್ಲ. ಅದರ ಜಾಯಿಂಟು, ನಲ್ಲಿಯ ವಾಷರು, ವಾಷಿಂಗ್ ಮೆಷಿನ್ನಿನ ರಬ್ಬರ್ ಹೋಸು.

ಅಜ್ಜನ ಕಾಲದ ಹಿತ್ತಾಳೆ ನಲ್ಲಿಯಲ್ಲಿ ಈ ಗಲಾಟೆ ಇಷ್ಟಿರಲಿಲ್ಲ. ಅದನ್ನು ನಿಲ್ಲಿಸಲು ಮೂರು ನಾಲ್ಕು ಸುತ್ತು ತಿರುಗಿಸಬೇಕಿತ್ತು. ಈಗಿನ ಕಾಲು ಸುತ್ತಿನ ನಲ್ಲಿಗಳು ಬೆರಳಿನ ಒಂದೇ ತಟ್ಟಿಗೆ ಮುಚ್ಚಿಕೊಳ್ಳುತ್ತವೆ. ಅದರಲ್ಲೂ ಒಂದು ಸೂಕ್ಷ್ಮವಿದೆ. ಹಿಡಿಯನ್ನು ಅರ್ಧ ತಿರುಗಿಸಿದರೂ ನೀರಿನ ಓಟ ಹೆಚ್ಚು ತಗ್ಗುವುದಿಲ್ಲ. ಕೊನೆಯ ಚೂರು ತಿರುವಿನಲ್ಲೇ ಬಹುಪಾಲು ನೀರು ತಟಕ್ಕನೆ ನಿಂತುಬಿಡುತ್ತದೆ. ಆದ್ದರಿಂದ ಕೈ ನಿಧಾನವಾಗಬೇಕಾದುದು ಆ ಕೊನೆಯ ಚೂರಿನಲ್ಲಿ. ಮೇಲಿನ ಮನೆಯಲ್ಲೇ ನೀರನ್ನು ಒಂದು ಸೆಕೆಂಡು ಹಿಡಿದು ಒಂದೇ ಸಮನೆ ತಗ್ಗಿಸಿ ನಿಲ್ಲಿಸಿದರೆ, ಒತ್ತಡ 15ರ ಬದಲು ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಮಿನಷ್ಟೂ ಏರುವುದಿಲ್ಲ. ಟ್ಯಾಂಕಿನಿಂದ ಮರಳಿದ ಅಲೆಗಳು ಒತ್ತಡವನ್ನು ಆಗಿಂದಾಗ್ಗೆ ಇಳಿಸುತ್ತ ಬರುವುದೇ ಇದಕ್ಕೆ ಕಾರಣ. ಇದಕ್ಕಿಂತ ಅಗ್ಗದ ರಿಪೇರಿ ಇನ್ನೊಂದಿಲ್ಲ.

ವಾಷಿಂಗ್ ಮೆಷಿನ್ನಿಗೆ ಈ ಬುದ್ಧಿ ಹೇಳಲಾಗದು. ಅದರೊಳಗಿನ ವಿದ್ಯುತ್ ವಾಲ್ವ್ ನೀರು ಸಾಕಾದ ತಕ್ಷಣ ಫಟ್ಟನೆ ಮುಚ್ಚಿಕೊಳ್ಳುತ್ತದೆ. ಅಲ್ಲಿ ನೀರಿನ ವೇಗವನ್ನೇ ತಗ್ಗಿಸಬೇಕು. ಮೆಷಿನ್ನಿನ ಹಿಂದಿರುವ ಆ್ಯಂಗಲ್ ಕಾಕನ್ನು ಸದ್ದು ಕುಗ್ಗುವವರೆಗೆ ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ ಬನ್ನಿ. ವೇಗ ಅರ್ಧವಾದರೆ ಗುದ್ದೂ ಅರ್ಧ. ನೀರು ತುಂಬಲು ಎರಡು ನಿಮಿಷ ಹೆಚ್ಚು ಹಿಡಿದೀತು, ಅಷ್ಟೆ. ತೀರಾ ಬಿಗಿದರೆ ಮೆಷಿನ್ನು ನೀರು ಬರುತ್ತಿಲ್ಲವೆಂದು ತಿಳಿದು ನಿಂತುಬಿಡುತ್ತದೆ. ಆಗ ತುಸು ಸಡಿಲಿಸಿ.

ಕಣ್ಣಿಗೆ ಕಾಣುವ ಪೈಪಾದರೆ ಒಬ್ಬರು ನಲ್ಲಿ ಮುಚ್ಚುವಾಗ ಇನ್ನೊಬ್ಬರು ಪೈಪಿನ ಮೇಲೆ ಕೈಯಿಟ್ಟು ನೋಡಿ. ಎಲ್ಲಿ ಅದು ಕುಣಿಯುತ್ತದೋ ಅಲ್ಲಿ ಕ್ಲಾಂಪು ಸಡಿಲವಾಗಿದೆ, ಇಲ್ಲವೇ ಇಲ್ಲವೇ ಇಲ್ಲ. ಅರ್ಧ ಇಂಚಿನ ಪ್ಲಾಸ್ಟಿಕ್ ಪೈಪಿಗೆ ಮೂರಡಿಗೊಂದು ಕ್ಲಾಂಪು, ಎಲ್ಬೋಗಳ ಪಕ್ಕದಲ್ಲಿ ಇನ್ನೊಂದು ಇರಲಿ. ಬಿಸಿನೀರಿನ ಪ್ಲಾಸ್ಟಿಕ್ ಪೈಪು ಉದ್ದುದ್ದಕ್ಕೆ ಹಿಗ್ಗುವುದರಿಂದ ಕತ್ತು ಹಿಸುಕಿದಂತೆ ಬಿಗಿಯಬಾರದು. ಕ್ಲಾಂಪಿನಿಂದ ಸದ್ದು ಅಡಗುತ್ತದೆ, ಒತ್ತಡ ಇಳಿಯುವುದಿಲ್ಲ ಎಂಬುದು ನೆನಪಿರಲಿ.

ಒತ್ತಡವನ್ನೇ ನುಂಗಬೇಕಾದರೆ ಗಾಳಿಯ ಮೆತ್ತೆ ಬೇಕು. ನಲ್ಲಿಯ ಹತ್ತಿರ ಒಂದು ಟೀ ಹಾಕಿ, ಒಂದೂವರೆ ಅಡಿ ಪೈಪನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ತಲೆಗೆ ಕ್ಯಾಪ್ ಮುಚ್ಚಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ನುಗ್ಗಿ ಬಂದ ನೀರು ಈ ಗಾಳಿಯನ್ನು ಅಮುಕಿ ಮೆಲ್ಲಗೆ ನಿಲ್ಲುತ್ತದೆ. ಒಂದೇ ತೊಂದರೆಯೆಂದರೆ, ತಿಂಗಳುಗಳು ಕಳೆದಂತೆ ಗಾಳಿ ನೀರಿನಲ್ಲಿ ಕರಗಿಹೋಗಿ ಪೈಪು ಬರೀ ನೀರಿನಿಂದ ತುಂಬುತ್ತದೆ. ‘ಮೊದಲು ಸದ್ದಿರಲಿಲ್ಲ, ಈಗ ಶುರುವಾಗಿದೆ’ ಎಂಬ ದೂರು ಬರುವುದು ಆಗಲೇ. ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ಮಹಡಿಯ ಮತ್ತು ಎಲ್ಲಕ್ಕಿಂತ ಕೆಳಗಿನ ನಲ್ಲಿಗಳನ್ನು ತೆರೆದು, ಪೈಪನ್ನು ಪೂರ್ತಿ ಖಾಲಿ ಮಾಡಿ ಮತ್ತೆ ನೀರು ಬಿಟ್ಟರೆ ಗಾಳಿ ಮರಳಿ ಸೇರುತ್ತದೆ. ಈ ಗೊಡವೆಯೇ ಬೇಡವೆನ್ನುವವರಿಗೆ ಗಾಳಿ ಮತ್ತು ನೀರಿನ ನಡುವೆ ಬಿರಡೆಯನ್ನೋ ರಬ್ಬರ್ ಪೊರೆಯನ್ನೋ ಇಟ್ಟ ‘ಹ್ಯಾಮರ್ ಅರೆಸ್ಟರ್’ ಎಂಬ ಪುಟ್ಟ ಸಿಲಿಂಡರುಗಳಿವೆ. ಗುದ್ದು ಹುಟ್ಟುವ ವಾಲ್ವಿನ ಪಕ್ಕದಲ್ಲೇ ಅದನ್ನು ಕೂರಿಸಬೇಕು. ತಾರಸಿಯಲ್ಲಿ ಟ್ಯಾಂಕಿನ ಪಕ್ಕ ಎದ್ದುನಿಂತಿರುವ ಗಾಳಿ ಕೊಳವೆ ಈ ಕೆಲಸ ಮಾಡುತ್ತದೆಂದು ಕೆಲವರು ನಂಬುತ್ತಾರೆ. ಪೈಪಿನ ಗಾಳಿಯನ್ನು ಹೊರಹಾಕಲು ಅದು ಸರಿಯೇ. ಆದರೆ 20 ಮೀಟರ್ ದೂರದ ನಲ್ಲಿಯಲ್ಲಿ ಹುಟ್ಟುವ ಗುದ್ದಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ.

ಗುದ್ದನ್ನು ದುಡಿಸಿಕೊಂಡವರೂ ಉಂಟು. 1783ರಲ್ಲಿ ಬಿಸಿಗಾಳಿ ಬಲೂನು ಹಾರಿಸಿದ ಫ್ರಾನ್ಸಿನ ಮಾಂಟ್‌ಗಾಲ್ಫಿಯರ್ ಸೋದರರಲ್ಲಿ ಹಿರಿಯನಾದ ಜೋಸೆಫ್, 1796ರಲ್ಲಿ ‘ಹೈಡ್ರಾಲಿಕ್ ರ‍್ಯಾಮ್’ ಎಂಬ ಪಂಪು ರೂಪಿಸಿದ. ಹರಿಯುವ ನೀರನ್ನು ಒಂದು ವಾಲ್ವ್ ಮತ್ತೆ ಮತ್ತೆ ತಡೆಯುತ್ತದೆ. ಪ್ರತಿ ಗುದ್ದಿಗೂ ಒಂದಿಷ್ಟು ನೀರು ಮೇಲಕ್ಕೇರುತ್ತದೆ. ಕರೆಂಟೂ ಬೇಡ, ಡೀಸೆಲ್ಲೂ ಬೇಡ.

ಎಲ್ಲ ಸದ್ದೂ ನೀರಿನ ಸುತ್ತಿಗೆಯದಲ್ಲ. ನಲ್ಲಿ ಅರ್ಧ ತೆರೆದಾಗ ‘ಗುರ್ರ್’ ಎಂದು ನಡುಗಿದರೆ ವಾಷರು ಸಡಿಲವಾಗಿದೆ. ಬಿಸಿನೀರು ನಿಲ್ಲಿಸಿ ಎಷ್ಟೋ ಹೊತ್ತಿನ ಮೇಲೆ ‘ಟಿಕ್ ಟಿಕ್’ ಎಂದರೆ ಪೈಪು ತಣ್ಣಗಾಗಿ ಕುಗ್ಗುತ್ತಿದೆ. ಒತ್ತಡ ಹೆಚ್ಚಿಸುವ ಪಂಪು ಹಾಕಿಸಿದ ಮೇಲೆ ಗುದ್ದು ಜೋರಾಗಿದ್ದರೆ ನೀರಿನ ವೇಗ ಹೆಚ್ಚಿದೆಯೆಂದು ಅರ್ಥ. ಪಂಪಿನ ಒತ್ತಡದ ಸ್ವಿಚ್ಚನ್ನು ತಗ್ಗಿಸಲು ಬರುತ್ತದೆಯೇ ಎಂದು ಮೊದಲು ಕೇಳಿ. ನಲ್ಲಿ ಮುಚ್ಚಿದ ಮರುಕ್ಷಣ ಗುದ್ದು ಬಂದು, ಮೆಲ್ಲಗೆ ಮುಚ್ಚಿದಾಗ ಬಾರದಿದ್ದರೆ ಮಾತ್ರ ಅದು ಸುತ್ತಿಗೆಯೇ. ಭಾನುವಾರ ಮಕ್ಕಳ ಕೈಗೆ ಒಂದು ಬಕೆಟ್ಟು, ಒಂದು ಗಡಿಯಾರ ಕೊಟ್ಟರೆ ಮನೆಯ ಯಾವ ನಲ್ಲಿಯಲ್ಲಿ ನೀರಿನ ಓಟ ಹೆಚ್ಚು, ಯಾವುದು ಹೆಚ್ಚು ಗುದ್ದುತ್ತದೆ ಎಂಬ ಪಟ್ಟಿಯನ್ನು ಅವರೇ ಬರೆದುಕೊಡುತ್ತಾರೆ. ಪ್ಲಂಬರ್ ಬಂದಾಗ ಆ ಪಟ್ಟಿಯನ್ನು ಅವನಿಗೆ ತೋರಿಸಿ.