ಬೀರು ಎಷ್ಟು, ಮೇಜು ಎಷ್ಟು?

ಕಾಸ್ಟಿಂಗ್ ಪತ್ರಿಕೆಯಲ್ಲಿ ಬರುವಂಥ ಒಂದು ಲೆಕ್ಕ ಹೀಗಿದೆ. ಒಂದು ಸಣ್ಣ ಕಾರ್ಖಾನೆ ಉಕ್ಕಿನ ಬೀರು ಮತ್ತು ಮೇಜು ಮಾಡುತ್ತದೆ. ಒಂದು ಬೀರುವಿಗೆ ಪ್ರೆಸ್ ಮಷಿನ್ನಿನಲ್ಲಿ 4 ಗಂಟೆ, ಪೇಂಟಿಂಗಿನಲ್ಲಿ 2 ಗಂಟೆ ಬೇಕು. ಮೇಜಿಗೆ ಮಷಿನ್ನಿನಲ್ಲಿ 2, ಪೇಂಟಿಂಗಿನಲ್ಲಿ 3. ತಿಂಗಳಿಗೆ ಸಿಗುವುದು 320 ಮಷಿನ್ ಗಂಟೆ, 240 ಪೇಂಟಿಂಗ್ ಗಂಟೆ. ಮಾರಾಟ ಬೆಲೆಯಲ್ಲಿ ತಗಡು, ಬಣ್ಣ, ಪೀಸ್ ಲೆಕ್ಕದ ಕೂಲಿಯಂಥ ಚರ ವೆಚ್ಚ ಕಳೆದರೆ ಬೀರುವಿಗೆ 1,200 ರೂಪಾಯಿ, ಮೇಜಿಗೆ 900 ರೂಪಾಯಿ ಉಳಿಯುತ್ತದೆ. ಇದೇ ಕಾಂಟ್ರಿಬ್ಯೂಷನ್. ಬಾಡಿಗೆ, ಸಂಬಳದಂಥ ಸ್ಥಿರ ವೆಚ್ಚ ತಿಂಗಳಿಗೆ 80,000. ಯಾವುದನ್ನು ಎಷ್ಟು ಮಾಡಬೇಕು?

ಕೊರತೆ ಒಂದೇ ಕಡೆ ಇದ್ದಿದ್ದರೆ ಗಂಟೆಗೆ ಹೆಚ್ಚು ಕಾಂಟ್ರಿಬ್ಯೂಷನ್ ಕೊಡುವ ಸರಕನ್ನು ಮೊದಲು ಮಾಡಿದರೆ ಸಾಕಿತ್ತು. ಇಲ್ಲಿ ಆ ದಾರಿ ಕೈಕೊಡುತ್ತದೆ. ಒಂದು ಮಷಿನ್ ಗಂಟೆಗೆ ಬೀರು 300 ರೂಪಾಯಿ ತಂದರೆ ಮೇಜು 450 ತರುತ್ತದೆ. ಪೇಂಟಿಂಗ್ ಗಂಟೆಗೆ ನೋಡಿದರೆ ಬೀರುವಿನದು 600, ಮೇಜಿನದು 300 ಮಾತ್ರ. ಒಂದು ವಿಭಾಗ ಮೇಜು ಮಾಡಿ ಎನ್ನುತ್ತದೆ, ಇನ್ನೊಂದು ಬೀರು ಮಾಡಿ ಎನ್ನುತ್ತದೆ. ಲೀನಿಯರ್ ಪ್ರೋಗ್ರಾಮಿಂಗ್ ಬೇಕಾಗುವುದು ಈ ಜಗಳ ಬಿಡಿಸಲಿಕ್ಕೆ.

ಬೀರುಗಳ ಸಂಖ್ಯೆ x, ಮೇಜುಗಳ ಸಂಖ್ಯೆ y ಎಂದಿಟ್ಟುಕೊಂಡರೆ ಲೆಕ್ಕದ ರೂಪ ಇಷ್ಟೇ:

```
Max Z = 1200x + 900y
4x + 2y ≤ 320
2x + 3y ≤ 240
x, y ≥ 0
```

ಕೊನೆಯ ಸಾಲು ಬರೆಯದೆ ಬಿಡುವವರು ಬಹಳ. ಋಣ ಸಂಖ್ಯೆಯ ಬೀರು ಯಾರೂ ಮಾಡುವುದಿಲ್ಲ, ನಿಜ. ಆದರೆ ನಕ್ಷೆಗೆ ಎಡಗಡೆಯ ಮತ್ತು ಕೆಳಗಿನ ಬೇಲಿ ಹಾಕುವುದು ಆ ಸಾಲೇ.

ಈಗ ಗ್ರಾಫ್ ಹಾಳೆ. ಮಷಿನ್ ಗಂಟೆಯೆಲ್ಲ ಬೀರುವಿಗೇ ಹೋದರೆ 80 ಬೀರು, ಮೇಜಿಗೇ ಹೋದರೆ 160 ಮೇಜು. ಈ ಎರಡು ಬಿಂದು ಸೇರಿಸಿದರೆ ಮಷಿನ್ ರೇಖೆ ಸಿಗುತ್ತದೆ. ಹಾಗೆಯೇ ಪೇಂಟಿಂಗ್ ರೇಖೆ 120 ಬೀರುವಿನಿಂದ 80 ಮೇಜಿಗೆ ಹೋಗುತ್ತದೆ. ಎರಡೂ ರೇಖೆಗಳ ಕೆಳಗೆ, ಮೂಲಬಿಂದುವಿನ ಕಡೆಗೆ ಇರುವ ಜಾಗವಷ್ಟೇ ನಮ್ಮದು. ಅದರ ಮೂಲೆಗಳು (0,0), (80,0), (0,80) ಮತ್ತು ರೇಖೆಗಳು ಕೂಡುವ ಬಿಂದು. ಆ ಕೂಡುಬಿಂದುವನ್ನು ಕಣ್ಣಳತೆಯಲ್ಲಿ ಓದಬಾರದು, ಪೆನ್ಸಿಲ್ ಗೆರೆ ದಪ್ಪವಾದರೂ ಉತ್ತರ ಒಂದೆರಡು ಜರುಗುತ್ತದೆ. ಎರಡು ಸಮೀಕರಣ ಬಿಡಿಸಿದರೆ 60 ಬೀರು, 40 ಮೇಜು ಎಂದು ಖಚಿತವಾಗುತ್ತದೆ.

ಮೂಲೆಗಳನ್ನೇ ಏಕೆ ನೋಡಬೇಕು? 36,000 ರೂಪಾಯಿ ಕಾಂಟ್ರಿಬ್ಯೂಷನ್ ಕೊಡುವ ಎಲ್ಲ ಜೋಡಿಗಳೂ 30 ಬೀರುವನ್ನೂ 40 ಮೇಜನ್ನೂ ಸೇರಿಸುವ ಗೆರೆಯ ಮೇಲಿವೆ. ಆ ಗೆರೆಯ ಮೇಲೆ ಸ್ಕೇಲ್ ಇಟ್ಟು, ಓರೆ ಬದಲಾಗದಂತೆ ಮೇಲಕ್ಕೆ ಸರಿಸುತ್ತ ಹೋಗಿ. ನಮ್ಮ ಜಾಗ ಬಿಟ್ಟು ಹೊರಹೋಗುವ ಮುನ್ನ ಅದು ಕೊನೆಯದಾಗಿ ತಾಗುವುದು ಒಂದು ಮೂಲೆಯನ್ನೇ. ಇಲ್ಲಿ ಆ ಮೂಲೆ (60,40), ಕಾಂಟ್ರಿಬ್ಯೂಷನ್ 1,08,000. ಬರೀ ಬೀರು ಮಾಡಿದರೆ 96,000, ಬರೀ ಮೇಜು ಮಾಡಿದರೆ 72,000. ಸ್ಥಿರ ವೆಚ್ಚ ಕಳೆದು ಉಳಿಯುವ ಲಾಭ 28,000.

ಈ ಲೆಕ್ಕದ ನಿಜವಾದ ಗುಂಡಿ ಗ್ರಾಫಿನಲ್ಲಿಲ್ಲ, Z ಬರೆಯುವಲ್ಲಿದೆ. ಸ್ಥಿರ ವೆಚ್ಚವನ್ನು ಮಷಿನ್ ಗಂಟೆಗೆ 250ರಂತೆ ಹಂಚಿ, ಬೀರುವಿನ ಲಾಭ 200, ಮೇಜಿನ ಲಾಭ 400 ಎಂದು ಪ್ರಶ್ನೆಯಲ್ಲಿ ಕೊಟ್ಟಿರಬಹುದು. ಅದನ್ನೇ Z ಎಂದು ಹಿಡಿದರೆ ನಕ್ಷೆ 80 ಮೇಜು ಮಾಡಿ, 32,000 ಲಾಭ ಎನ್ನುತ್ತದೆ. ಆದರೆ 80 ಮೇಜಿಗೆ ಬೇಕಾಗುವುದು 160 ಮಷಿನ್ ಗಂಟೆ ಮಾತ್ರ. ಉಳಿದ 160 ಗಂಟೆಯ ಪಾಲಿಗೆ ಬಂದ 40,000 ರೂಪಾಯಿಯನ್ನು ಯಾವ ಮೇಜೂ ಹೊತ್ತಿಲ್ಲ, ಬಾಡಿಗೆಯಂತೂ ಕೊಡಲೇಬೇಕು. ತಿಂಗಳ ಕೊನೆಗೆ ಕೈಗೆ ಬರುವುದು 8,000 ನಷ್ಟ. ಹಾಗಾಗಿ ಪ್ರಶ್ನೆಯಲ್ಲಿ 'ಲಾಭ' ಎಂದಿದ್ದರೆ ಹಂಚಿದ ಸ್ಥಿರ ವೆಚ್ಚವನ್ನು ಮತ್ತೆ ಕೂಡಿಸಿ ಕಾಂಟ್ರಿಬ್ಯೂಷನ್ನಿಗೆ ಮರಳುವುದು ಮೊದಲ ಕೆಲಸ.

ಓವರ್‌ಟೈಮ್ ಮಾಡಿಸಬಹುದೇ ಎಂಬ ಪ್ರಶ್ನೆಗೂ ಇದೇ ನಕ್ಷೆ ಉತ್ತರ ಕೊಡುತ್ತದೆ. ಮಷಿನ್ ಗಂಟೆ 321 ಎಂದುಕೊಂಡು ಸಮೀಕರಣ ಮತ್ತೆ ಬಿಡಿಸಿದರೆ ಕಾಂಟ್ರಿಬ್ಯೂಷನ್ 225 ರೂಪಾಯಿ ಏರುತ್ತದೆ. ಪೇಂಟಿಂಗಿಗೆ ಒಂದು ಗಂಟೆ ಹೆಚ್ಚಿಸಿದರೆ ಏರುವುದು 150. ಆ ಹೆಚ್ಚುವರಿ ಗಂಟೆಗೆಂದು ಇದಕ್ಕಿಂತ ಕಡಿಮೆ ಖರ್ಚಾಗುವಷ್ಟು ದಿನ ಓವರ್‌ಟೈಮ್ ಲಾಭದ್ದೇ. ಆದರೆ ಮಾರುಕಟ್ಟೆಯಲ್ಲಿ ತಿಂಗಳಿಗೆ 45 ಬೀರು ಮಾತ್ರ ಹೋಗುತ್ತದೆ ಎನ್ನಿ. ಆಗ ನಕ್ಷೆಯಲ್ಲಿ x = 45ರ ಹತ್ತಿರ ಒಂದು ನೆಟ್ಟಗಿನ ಗೆರೆ ಬರುತ್ತದೆ, ಉತ್ತರ 45 ಬೀರು, 50 ಮೇಜಿಗೆ ಸರಿಯುತ್ತದೆ, ಕಾಂಟ್ರಿಬ್ಯೂಷನ್ 99,000ಕ್ಕೆ ಇಳಿಯುತ್ತದೆ. ಮಷಿನ್ನಿನಲ್ಲಿ 40 ಗಂಟೆ ಖಾಲಿ ಉಳಿಯುವುದರಿಂದ ಅಲ್ಲಿ ಓವರ್‌ಟೈಮಿಗೆ ಒಂದು ರೂಪಾಯಿ ಕೊಟ್ಟರೂ ದಂಡ. ಪೇಂಟಿಂಗಿನ ಒಂದು ಗಂಟೆ ಮಾತ್ರ ಈಗ 300 ರೂಪಾಯಿ ಬಾಳುತ್ತದೆ.