ಎರಡು ಅಂಗಡಿ, ಒಂದೇ ಲಾರಿ

ಮ್ಯಾಂಚೆಸ್ಟರಿನ ಕ್ಲಾರ್ಕ್ ಮತ್ತು ರೈಟ್ 1964ರಲ್ಲಿ ಪ್ರಕಟಿಸಿದ 'ಉಳಿತಾಯ ವಿಧಾನ' ಸರಳವಾದ ಪ್ರಶ್ನೆಯಿಂದ ಶುರುವಾಗುತ್ತದೆ: ಎರಡು ಅಂಗಡಿಗಳಿಗೆ ಬೇರೆ ಬೇರೆ ಲಾರಿ ಕಳಿಸುವ ಬದಲು ಒಂದನ್ನೇ ಕಳಿಸಿದರೆ ಎಷ್ಟು ದಾರಿ ಉಳಿಯುತ್ತದೆ?

ಗೋದಾಮಿನಿಂದ ಎ, ಬಿ, ಸಿ, ಡಿ ಅಂಗಡಿಗಳು ಕ್ರಮವಾಗಿ 10, 12, 9, 8 ಕಿ.ಮೀ. ದೂರ ಎನ್ನೋಣ. ಬೇಕಾದ ಕ್ರೇಟುಗಳು 4, 3, 6, 7. ಒಂದು ಲಾರಿ ಹೊರುವುದು 10 ಕ್ರೇಟು. ಪ್ರತಿ ಅಂಗಡಿಗೂ ಪ್ರತ್ಯೇಕವಾಗಿ ಹೋಗಿಬಂದರೆ ಒಟ್ಟು 78 ಕಿ.ಮೀ.

ಎ, ಬಿ ನಡುವೆ 4 ಕಿ.ಮೀ. ಅಂತರವಿದೆ. ಇವೆರಡನ್ನು ಜೋಡಿಸಿದರೆ ಎಯಿಂದ ವಾಪಸು ಬರುವ 10, ಬಿಗೆ ಮತ್ತೆ ಹೊರಡುವ 12 ತಪ್ಪಿ, ನಡುವಿನ 4 ಸೇರುತ್ತದೆ. ಉಳಿತಾಯ 18. ಹೀಗೆಯೇ ಎ–ಸಿ (ಅಂತರ 6) 13, ಬಿ–ಡಿ (ಅಂತರ 9) 11 ಉಳಿಸುತ್ತವೆ. ಉಳಿದ ಯಾವ ಜೋಡಿಯೂ 11 ಮೀರುವುದಿಲ್ಲ.

ನಿಯಮದಂತೆ ಅತಿ ಹೆಚ್ಚು ಉಳಿಸುವ ಎ–ಬಿಗೆ ಮೊದಲ ಸರದಿ. ಭಾರ 7 ಕ್ರೇಟು, ಲಾರಿಗೆ ಹಿಡಿಸುತ್ತದೆ. ಆದರೆ ಅದರೊಳಗೆ ಸಿಯ 6 ಆಗಲಿ, ಡಿಯ 7 ಆಗಲಿ ಹಿಡಿಸದು. ಸಿ–ಡಿ ಸೇರಿದರೂ 13 ಆಗುತ್ತದೆ. ಕೊನೆಗೆ ಮೂರು ಲಾರಿ, 60 ಕಿ.ಮೀ.

ಎಡವಿದ್ದು ಇಲ್ಲೇ. ಒಟ್ಟು ಸರಕು 20 ಕ್ರೇಟು, ಅಂದರೆ ಎರಡೇ ಲಾರಿ ಸಾಕಾಗಬಹುದಿತ್ತು. ಲೆಕ್ಕ ಮೂರು ಕೇಳಿದಾಗಲೇ ಅನುಮಾನ ಬರಬೇಕು. ಎ–ಬಿ ಜೋಡಿಯನ್ನು ಬದಿಗಿಟ್ಟು ಮತ್ತೆ ಲೆಕ್ಕ ಹಾಕಿದರೆ ಎ–ಸಿ, ಬಿ–ಡಿ ಎರಡೂ ತಲಾ 10 ಕ್ರೇಟಿಗೆ ಸರಿಯಾಗಿ ತುಂಬುತ್ತವೆ. ಆಗ ಎರಡು ಲಾರಿ, 54 ಕಿ.ಮೀ. ಮೊದಲ ಉತ್ತರವನ್ನೇ ಒಪ್ಪಿಕೊಳ್ಳದೆ, ಮೇಲಿನ ಒಂದೆರಡು ಜೋಡಿಗಳನ್ನು ಕೈಬಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿ ನೋಡಿ.