'ಪ್ರಿಲ್' ಬಿಪಿ ಮಾತ್ರೆ ಬಸಿರಲ್ಲಿ ಬೇಡ ಎನ್ನುವುದು ನಿಜವೇ? ನಿಜ, ಆದರೆ ನೀವಾಗಿಯೇ ನಿಲ್ಲಿಸಬೇಡಿ

ಬಿಪಿ ಮಾತ್ರೆ ಮತ್ತು ಬಸಿರಿನ ಬಗ್ಗೆ ಮೊಬೈಲ್‌ಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತದೆ. "ಬಿಪಿ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿ ಹಾಳಾಗುತ್ತದೆ, ಇವತ್ತೇ ಎಲ್ಲ ಮಾತ್ರೆ ಬಿಸಾಡಿ" ಎನ್ನುವುದು ಒಂದು. "ಡಾಕ್ಟ್ರು ಕೊಟ್ಟ ಮಾತ್ರೆಯಲ್ಲವೇ, ಏನೂ ಆಗುವುದಿಲ್ಲ, ಮುಂದುವರಿಸಿ" ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಹಾಗಾಗಿ ಎರಡೂ ಅಪಾಯಕಾರಿ.

ಪುತ್ತೂರು, ಸುಳ್ಯ, ಕಡಬದ ಕಡೆ ಮೊದಲನೆಯ ಮಾತು ಬೇಗ ನಾಟುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲದ ನೋವನ್ನು ಇನ್ನೂ ಹೊತ್ತುಕೊಂಡಿರುವ ಮನೆಗಳು ಈ ಭಾಗದಲ್ಲಿವೆ. ಹುಟ್ಟುವ ಮಗುವಿಗೆ ಏನೋ ಆಗುತ್ತದೆ ಎಂದರೆ ಇಲ್ಲಿ ಯಾರೂ ನಕ್ಕು ಬಿಡುವುದಿಲ್ಲ. ಆದ್ದರಿಂದಲೇ ಯಾವ ಮಾತ್ರೆ, ಯಾವ ತಿಂಗಳಲ್ಲಿ, ಏನು ಮಾಡುತ್ತದೆ ಎಂದು ಸರಿಯಾಗಿ ತಿಳಿಯುವುದು ಒಳ್ಳೆಯದು.

ಮೊದಲು ಮಾತ್ರೆಯ ಗುರುತು. ಬಿಪಿಗೆ ಕೊಡುವ ಹತ್ತಾರು ಮಾತ್ರೆಗಳಲ್ಲಿ ಎಸಿಇ ಇನ್‌ಹಿಬಿಟರ್ ಎನ್ನುವುದು ಒಂದು ಗುಂಪು. ಎನಾಲಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್, ಪೆರಿಂಡೊಪ್ರಿಲ್ ಇವೆಲ್ಲ ಈ ಗುಂಪಿನವು. ಹೆಸರಿನ ಕೊನೆಯಲ್ಲಿ 'ಪ್ರಿಲ್' ಇದ್ದರೆ ಇದೇ ಗುಂಪು ಎಂದು ತಿಳಿಯಿರಿ. ಸ್ಟ್ರಿಪ್ ಮೇಲೆ ದೊಡ್ಡದಾಗಿ ಬರೆದಿರುವುದು ಕಂಪೆನಿ ಇಟ್ಟ ಹೆಸರು, ಅದರಿಂದ ಏನೂ ಗೊತ್ತಾಗುವುದಿಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮದ್ದಿನ ಹೆಸರನ್ನು ನೋಡಬೇಕು. ಕಣ್ಣಿಗೆ ಕಾಣದಿದ್ದರೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

ಈ ಮಾತ್ರೆ ಕೆಲವರಿಗೆ ಒಣಕೆಮ್ಮು ತರುತ್ತದೆ. ಆಗ ಡಾಕ್ಟ್ರು ಅದನ್ನು ಬಿಡಿಸಿ ಟೆಲ್ಮಿಸಾರ್ಟನ್, ಲೋಸಾರ್ಟನ್, ಓಲ್ಮೆಸಾರ್ಟನ್‌ನಂಥ 'ಸಾರ್ಟನ್' ಮಾತ್ರೆ ಬರೆಯುತ್ತಾರೆ. ಈಗಂತೂ ಎಷ್ಟೋ ಜನರಿಗೆ ಮೊದಲಿಗೇ ಟೆಲ್ಮಿಸಾರ್ಟನ್ ಸಿಗುತ್ತದೆ. ಕೆಮ್ಮು ಹೋಯಿತು, ಗುಂಪೂ ಬದಲಾಯಿತು ಎಂದು ನಿರಾಳವಾಗಬೇಡಿ. ಬಸಿರಿನ ವಿಷಯದಲ್ಲಿ ಸಾರ್ಟನ್ ಮತ್ತು ಪ್ರಿಲ್ ಎರಡಕ್ಕೂ ಒಂದೇ ನಿಯಮ. ಒಂದೇ ಮಾತ್ರೆಯಲ್ಲಿ ಎರಡು ಮೂರು ಮದ್ದು ಸೇರಿಸಿದ್ದರೆ ಅದರೊಳಗೂ ಇವು ಇರಬಹುದು.

ಇನ್ನು, ಈ ಮಾತ್ರೆ ಹಾವಿನ ವಿಷದಿಂದ ಬಂದದ್ದು ಎನ್ನುವ ಮಾತೂ ಆಗಾಗ ಕೇಳಿಬರುತ್ತದೆ. ಇದರ ಹಿಂದೆ ಒಂದು ನಿಜವಾದ ಕಥೆಯಿದೆ. ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷವನ್ನು ಅಭ್ಯಾಸ ಮಾಡುತ್ತಾ ಸಿಕ್ಕಿದ ಸುಳಿವಿನಿಂದ ಈ ಗುಂಪಿನ ಮೊದಲ ಮಾತ್ರೆ ಕ್ಯಾಪ್ಟೊಪ್ರಿಲ್ ತಯಾರಾಯಿತು. ಆದರೆ ಮಾತ್ರೆಯಲ್ಲಿ ವಿಷ ಇಲ್ಲ, ಅದನ್ನು ಕಾರ್ಖಾನೆಯಲ್ಲಿ ಮಾಡುತ್ತಾರೆ. ಬಸಿರಲ್ಲಿ ಬೇಡ ಎನ್ನುವುದಕ್ಕೂ ಹಾವಿಗೂ ಸಂಬಂಧವಿಲ್ಲ.

ಹಾಗಾದರೆ ಕಾರಣ ಏನು? ನಮ್ಮ ಕಿಡ್ನಿಗೆ ರಕ್ತ ಒಂದು ಒತ್ತಡದಲ್ಲಿ ಬಂದರೆ ಮಾತ್ರ ಅದು ಸೋಸಿ ಮೂತ್ರ ಮಾಡಬಲ್ಲದು. ಆ ಒತ್ತಡವನ್ನು ಕಾಯುವ ವಸ್ತುಗಳಲ್ಲಿ ಆಂಜಿಯೊಟೆನ್ಸಿನ್ ಮುಖ್ಯವಾದದ್ದು. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಪ್ರಿಲ್ ಮಾತ್ರೆ ಅದು ತಯಾರಾಗುವುದನ್ನೇ ತಡೆಯುತ್ತದೆ, ನಾಳಗಳು ಸಡಿಲವಾಗುತ್ತವೆ, ದೊಡ್ಡವರ ಬಿಪಿ ಇಳಿಯುತ್ತದೆ. ತಾಯಿಗೆ ಬೇಕಾಗಿರುವುದೂ ಅದೇ.

ಆದರೆ ಮಾತ್ರೆ ತಾಯಿಯಲ್ಲೇ ನಿಲ್ಲುವುದಿಲ್ಲ, ಮಾಸು ದಾಟಿ ಮಗುವಿನ ರಕ್ತಕ್ಕೂ ಹೋಗುತ್ತದೆ. ಹೊಟ್ಟೆಯೊಳಗಿನ ಮಗುವಿನ ರಕ್ತದೊತ್ತಡ ಮೊದಲೇ ತೀರ ಕಡಿಮೆ. ಅದರ ಕಿಡ್ನಿ ಕೆಲಸ ಮಾಡುವುದೂ, ಸರಿಯಾಗಿ ಬೆಳೆಯುವುದೂ ಈ ಆಂಜಿಯೊಟೆನ್ಸಿನ್‌ನ ಬಲದಿಂದ. ಅದನ್ನು ಕಿತ್ತುಕೊಂಡರೆ ಮಗು ಮೂತ್ರ ಮಾಡುವುದು ಕಡಿಮೆಯಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ.

ಮಗು ಮೂತ್ರ ಮಾಡದಿದ್ದರೆ ಏನಾಯಿತು ಎಂದು ಕೇಳಬಹುದು. ಸುಮಾರು 16 ವಾರಗಳ ನಂತರ ಗರ್ಭಚೀಲದ ನೀರಿನ ಹೆಚ್ಚಿನ ಪಾಲು ಮಗುವಿನ ಮೂತ್ರವೇ. ಮಗು ಆ ನೀರಿನಲ್ಲಿ ಕೈಕಾಲು ಆಡಿಸುತ್ತದೆ. ಅದರ ಶ್ವಾಸಕೋಶ ಹಿಗ್ಗಿ ಬೆಳೆಯುವುದಕ್ಕೂ ಆ ನೀರು ಬೇಕು. ನೀರು ಬತ್ತಿದರೆ ಶ್ವಾಸಕೋಶ ಬೆಳೆಯದೆ ಉಳಿಯುತ್ತದೆ, ಜಾಗವಿಲ್ಲದೆ ಕೈಕಾಲು ಸೊಟ್ಟಗಾಗುತ್ತವೆ, ತಲೆಬುರುಡೆಯ ಎಲುಬು ತೆಳ್ಳಗೆ ಉಳಿಯಬಹುದು. ಇಂಥ ಮಗು ಹುಟ್ಟಿದ ಮೇಲೆ ಉಸಿರಾಡಲು ಕಷ್ಟಪಡುತ್ತದೆ, ಮೂತ್ರ ಬಾರದೆ ಡಯಾಲಿಸಿಸ್‌ವರೆಗೆ ಹೋಗಬಹುದು, ಬದುಕದೆಯೂ ಇರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1992ರಲ್ಲೇ ಬಸಿರಿನ ನಾಲ್ಕನೇ ತಿಂಗಳಿನಿಂದ ಮುಂದಕ್ಕೆ ಈ ಮಾತ್ರೆಯ ಬಗ್ಗೆ ಅತಿ ಕಟುವಾದ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಈ ಭಾಗದಲ್ಲಿ ಯಾವ ವಾದವೂ ಇಲ್ಲ.

ವಾದ ಇರುವುದು ಮೊದಲ ಮೂರು ತಿಂಗಳ ಬಗ್ಗೆ. 2006ರಲ್ಲಿ ಅಮೆರಿಕದ ಟೆನೆಸ್ಸೀ ರಾಜ್ಯದ ತಾಯಂದಿರ ದಾಖಲೆ ನೋಡಿ ಮಾಡಿದ ಒಂದು ಅಧ್ಯಯನ, ಆ ಹೊತ್ತಿನಲ್ಲಿ ಪ್ರಿಲ್ ತೆಗೆದುಕೊಂಡವರ ಮಕ್ಕಳಲ್ಲಿ ಹೃದಯ ಮತ್ತು ಮಿದುಳಿನ ದೋಷ ಹೆಚ್ಚು ಎಂದಿತು. ಆಮೇಲೆ ಬಂದ ಇನ್ನೂ ದೊಡ್ಡ ಅಧ್ಯಯನಗಳು ತಾಯಿಯ ಬಿಪಿ, ಸಕ್ಕರೆ ಕಾಯಿಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡವು. ಆಗ ಮಾತ್ರೆಯಿಂದಲೇ ಹೆಚ್ಚಿನ ದೋಷ ಎನ್ನುವುದು ಸ್ಪಷ್ಟವಾಗಿ ಕಾಣಲಿಲ್ಲ. ಇದರಿಂದ ಮನೆಮಂದಿ ತಿಳಿಯಬೇಕಾದ ವಿಷಯ ಒಂದಿದೆ. ಗೊತ್ತಿಲ್ಲದೆ ಐದಾರು ವಾರ ಮಾತ್ರೆ ತಿಂದದ್ದು ಬಸಿರು ತೆಗೆಸಲು ಕಾರಣವಲ್ಲ. ಹೆದರಿಕೆಯಲ್ಲಿ ಆ ನಿರ್ಧಾರಕ್ಕೆ ಹೋಗುವವರಿದ್ದಾರೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ.

ಒಂದು ಉದಾಹರಣೆಯಲ್ಲಿ ದಿನಾಂಕ ಹಾಕಿ ನೋಡೋಣ. ಕಡಬದ ಒಳಹಳ್ಳಿಯ 31 ವರ್ಷದ ಒಬ್ಬಾಕೆ ಎಂದುಕೊಳ್ಳಿ. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಮೂರು ವರ್ಷದಿಂದ ಬಿಪಿ, ದಿನಕ್ಕೊಂದು ರಾಮಿಪ್ರಿಲ್ 5 ಮಿಲಿಗ್ರಾಂ. ಕೊನೆಯ ಮುಟ್ಟು ಜೂನ್ 1ಕ್ಕೆ. ಜುಲೈ 6ಕ್ಕೆ ಮನೆಯಲ್ಲೇ ಪರೀಕ್ಷೆ ಮಾಡಿ ಬಸಿರು ಎಂದು ಗೊತ್ತಾದರೆ ಆಗಲೇ 5 ವಾರ ಕಳೆದಿದೆ. ಆ ವಾರದಲ್ಲೇ ಮಾತ್ರೆ ಬದಲಾದರೆ ಮಗುವಿನ ಕಿಡ್ನಿಗೆ ಕಷ್ಟವಾಗುವ ಕಾಲ ಬರುವ ಮೊದಲೇ ಮದ್ದು ದೇಹ ಬಿಟ್ಟಿರುತ್ತದೆ.

ಆದರೆ ನಿಜದಲ್ಲಿ ಆಗುವುದು ಬೇರೆ. ಮುಟ್ಟು ಮೊದಲಿನಿಂದಲೂ ಏರುಪೇರು, ಹಾಗಾಗಿ ಆಕೆ ಪರೀಕ್ಷೆ ಮಾಡುವುದಿಲ್ಲ. ಬಿಪಿ, ಸಕ್ಕರೆ ನೋಡುವ ಡಾಕ್ಟ್ರು ಪುತ್ತೂರಿನಲ್ಲಿ, ಹೆರಿಗೆಯ ಡಾಕ್ಟ್ರು ಬೇರೆ ಕಡೆ. ತಾಯಿ ಕಾರ್ಡ್ ಆಗುವಾಗ ಬಿಪಿ ನೋಡುತ್ತಾರೆ, 128/80, ಚೆನ್ನಾಗಿದೆ. ಚೆನ್ನಾಗಿರುವುದು ಆ ಮಾತ್ರೆಯಿಂದಲೇ ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಮೆಡಿಕಲ್‌ನಲ್ಲಿ "ಅಣ್ಣ, ಅಮ್ಮನ ಹಳೇ ಚೀಟಿಯದ್ದೇ ಮಾತ್ರೆ ಕೊಡಿ" ಎಂದು ಮನೆಯ ಹುಡುಗ ತಿಂಗಳು ತಿಂಗಳು ತರುತ್ತಾನೆ. ಸೆಪ್ಟೆಂಬರ್ 21ಕ್ಕೆ 16 ವಾರ ತುಂಬುತ್ತದೆ. ಅಕ್ಟೋಬರ್ 19ರ ಹೊತ್ತಿಗೆ, 20 ವಾರದ ಸ್ಕ್ಯಾನಿಂಗ್‌ನಲ್ಲಿ, ನೀರು ಕಡಿಮೆ ಎಂದು ಬರುತ್ತದೆ. ನೀರಿನ ಅತಿ ಆಳದ ಜಾಗವೇ 2 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಅದನ್ನು ನೀರಿನ ಕೊರತೆ ಎನ್ನುತ್ತಾರೆ. ಸ್ಕ್ಯಾನಿಂಗ್ ಕಾರಣ ಹೇಳುವುದಿಲ್ಲ. ಮಾತ್ರೆಯ ಸ್ಟ್ರಿಪ್ ಮೇಜಿನ ಮೇಲೆ ಬಂದರೆ ಮಾತ್ರ ಕಾರಣ ಹೊಳೆಯುತ್ತದೆ. ಆಗ ನಿಲ್ಲಿಸಿದರೂ ಕೆಲವರಲ್ಲಿ ನೀರು ಮತ್ತೆ ತುಂಬುತ್ತದೆ. ಎಲ್ಲರಲ್ಲೂ ಅಲ್ಲ.

ಇದಕ್ಕೇ ಮಗು ಬೇಕು ಎಂದು ಯೋಚಿಸುವಾಗಲೇ ಮಾತ್ರೆ ಬದಲಿಸಬೇಕು ಎನ್ನುವುದು. ಬದಲಿಗೆ ಲ್ಯಾಬೆಟಲಾಲ್, ನಿಧಾನವಾಗಿ ಕರಗುವ ನಿಫೆಡಿಪಿನ್, ಮೀಥೈಲ್‌ಡೋಪಾ ಇವೆ. ಬಸಿರಲ್ಲಿ ಬಹಳ ಕಾಲದಿಂದ ಬಳಸಿ ಅನುಭವವಿರುವ ಮದ್ದುಗಳಿವು. ಲ್ಯಾಬೆಟಲಾಲ್ ಸಾಮಾನ್ಯವಾಗಿ 100 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಶುರುವಾಗುತ್ತದೆ. ಅಸ್ತಮಾ ಇದ್ದವರಿಗೆ ಅದು ಆಗುವುದಿಲ್ಲ, ಅವರಿಗೆ ನಿಫೆಡಿಪಿನ್ ಕೊಡುತ್ತಾರೆ. ಹೊಸ ಮಾತ್ರೆ ಹಿಡಿದಿದೆಯೇ, ಡೋಸ್ ಸಾಕೇ ಎಂದು ತಿಳಿಯಲು ಕೆಲವು ವಾರ ಬೇಕು. ಆ ವಾರಗಳು ಬಸಿರಿನ ಮೊದಲೇ ಸಿಕ್ಕಿದರೆ ಚೆನ್ನ.

ಮಾತ್ರೆ ಬಿಸಾಡಿ ಎನ್ನುವ ಫಾರ್ವರ್ಡ್ ತಪ್ಪುವುದು ಇಲ್ಲಿ. ಯಾವ ಮದ್ದೂ ಇಲ್ಲದೆ ಬಿಪಿ 160/110 ದಾಟಿದರೆ ತಾಯಿಗೆ ಪಾರ್ಶ್ವವಾಯು ಬಡಿಯಬಹುದು, ಮಾಸು ಹೊತ್ತಿಗೆ ಮೊದಲೇ ಕಳಚಬಹುದು, ಮಗು ಸೊರಗಬಹುದು. ಬಸಿರಲ್ಲೂ ಬಿಪಿ 140/90ರ ಒಳಗಿರಬೇಕು. ಆದ್ದರಿಂದ ಬಸಿರು ಗೊತ್ತಾದ ಮೇಲೆ ಪ್ರಿಲ್ ಅಥವಾ ಸಾರ್ಟನ್ ಕೈಯಲ್ಲಿದ್ದರೆ ಅದೇ ದಿನ ಇಲ್ಲವೇ ಮರುದಿನ ಡಾಕ್ಟ್ರಿಗೆ ಫೋನ್ ಮಾಡಿ ಬದಲಿ ಮಾತ್ರೆ ಕೇಳಿ. ನಿಮ್ಮ ಡಾಕ್ಟ್ರು ಸಿಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಪುತ್ತೂರು ಅಥವಾ ಸುಳ್ಯದ ತಾಲೂಕು ಆಸ್ಪತ್ರೆ ಇದೆ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟ್ರ ಉಚಿತ ತಪಾಸಣೆ ಇರುತ್ತದೆ, ಆದರೆ ಈ ಒಂದು ವಿಷಯಕ್ಕೆ 9ನೇ ತಾರೀಕಿನವರೆಗೆ ಕಾಯಬೇಡಿ. ಹೋಗುವಾಗ ಸ್ಟ್ರಿಪ್ ಕೈಯಲ್ಲಿರಲಿ. "ಪ್ರೆಶರಿನ ಬಿಳಿ ಮಾತ್ರೆ" ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಒಂದು ಗುಂಪಿನವರಿಗೆ ಲೆಕ್ಕ ಸ್ವಲ್ಪ ಬೇರೆ. ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ಕಾಯಿಲೆ ಇರುವವರಿಗೆ ಪ್ರಿಲ್ ಮಾತ್ರೆ ಬಿಪಿಗೆ ಮಾತ್ರವಲ್ಲ, ಕಿಡ್ನಿ ಉಳಿಸಲೂ ಕೊಟ್ಟಿರುತ್ತಾರೆ. ಬಸಿರು ನಿಲ್ಲಲು ವರ್ಷವೇ ಹಿಡಿದರೆ ಅಷ್ಟು ಕಾಲ ಆ ರಕ್ಷಣೆ ಇರುವುದಿಲ್ಲ. ಅಂಥ ಕೆಲವರಿಗೆ ಕಿಡ್ನಿ ತಜ್ಞರು, ಮುಟ್ಟು ತಪ್ಪಿದ ಕೂಡಲೇ ಪರೀಕ್ಷೆ ಮಾಡಿ ನಿಲ್ಲಿಸುವ ಕರಾರಿನ ಮೇಲೆ, ಪ್ರಿಲ್ ಅನ್ನು ಬಸಿರಾಗುವವರೆಗೆ ಮುಂದುವರಿಸುವುದುಂಟು. ಸಾರ್ಟನ್‌ಗೆ ಈ ರಿಯಾಯಿತಿ ಇಲ್ಲ. ಇದು ಮುಟ್ಟು ಸರಿಯಾಗಿ ಬರುವವರಿಗೆ, ತಜ್ಞರ ಜೊತೆ ಮಾತಾಡಿಕೊಂಡು ಮಾತ್ರ.

ಗಂಡ ಪ್ರಿಲ್ ತಿನ್ನುತ್ತಿದ್ದರೆ? ಅವರು ನಿಲ್ಲಿಸಬೇಕಿಲ್ಲ. ತೊಂದರೆ ಮಾಸಿನ ಮೂಲಕ ಹೋಗುವ ಮದ್ದಿನದ್ದು.

ಹೆರಿಗೆಯಾದ ಮೇಲೆ ಚಿತ್ರ ಮತ್ತೆ ಬದಲಾಗುತ್ತದೆ. ಬಾಣಂತಿಯ ಬಿಪಿ ಹೆರಿಗೆಯಾದ ಮೂರರಿಂದ ಆರನೇ ದಿನದೊಳಗೆ ಏರುವುದು ಸಾಮಾನ್ಯ, ಆಗ ಡಾಕ್ಟ್ರು ಎನಾಲಪ್ರಿಲ್ ಬರೆದರೆ ಗಾಬರಿಯಾಗಬೇಡಿ. ಎದೆಹಾಲಿಗೆ ಅದು ಹೋಗುವುದು ತೀರ ಸ್ವಲ್ಪ, ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಹಾಲು ಕೊಡುತ್ತಾ ತೆಗೆದುಕೊಳ್ಳಬಹುದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಮಕ್ಕಳ ಡಾಕ್ಟ್ರನ್ನು ಕೇಳಿ. ಹಾಗೆ ಮತ್ತೆ ಶುರುವಾದ ಎನಾಲಪ್ರಿಲ್ ವರ್ಷಗಟ್ಟಲೆ ನಡೆಯುತ್ತಿದ್ದು, ಎರಡನೆಯ ಮಗುವಿನ ಮಾತು ಬಂದಾಗ, ಆ ಚೀಟಿಯನ್ನು ಮತ್ತೊಮ್ಮೆ ಡಾಕ್ಟ್ರ ಮುಂದೆ ಇಡಬೇಕು.